ಪಟ್ಟಿಯ ಕೊನೆಯ ಹೆಸರು

ನಮ್ಮ ಯುವಜನರ ನಡಿಗೆ ಸವಾಲಿಗೆ ಎಲ್ಲರಿಗೂ ಒಂದೇ ಗುರಿ ಇಟ್ಟಿದ್ದೆ: ದಿನಕ್ಕೆ 10,000 ಹೆಜ್ಜೆ. ಭಾನುವಾರ ಬಲಿಪೂಜೆ ಮುಗಿದ ಮೇಲೆ ಎಲ್ಲರ ಫೋನ್ ನೋಡಿ ವಾರದ ಲೆಕ್ಕ ಬರೆದುಕೊಂಡು, ಸಂಜೆ ವಾಟ್ಸಾಪ್ ಗುಂಪಿಗೆ ಪಟ್ಟಿ ಹಾಕುತ್ತಿದ್ದೆ. ಎರಡನೇ ವಾರ ಪಟ್ಟಿಯ ಕೊನೆಯಲ್ಲಿದ್ದ ಅಕ್ಕ ಗುಂಪು ಬಿಟ್ಟರು. "ಇನ್ನೂ ಸ್ವಲ್ಪ ನಡೀರಿ ಅಕ್ಕ" ಎಂದು ಅಲ್ಲಿ ಎಲ್ಲರೆದುರು ಬರೆದವನು ನಾನೇ.

ಕ್ಷಮೆ ಕೇಳಲು ಹೋದಾಗ ವಿಷಯ ಗೊತ್ತಾಯಿತು. ಅವರಿಗೆ ಕಾಸರಗೋಡಿನ ಬಟ್ಟೆ ಅಂಗಡಿಯಲ್ಲಿ ಕೆಲಸ, ದಿನವಿಡೀ ಓಡಾಟ. ಫೋನ್ ಮಾತ್ರ ಮೇಜಿನ ಡ್ರಾಯರಿನಲ್ಲಿ. ಜೊತೆಯಲ್ಲಿಲ್ಲದ ಫೋನ್ ಹೆಜ್ಜೆ ಎಣಿಸುವುದು ಹೇಗೆ? ಬಿ.ಎಸ್ಸಿ. ಓದಿದ ನನಗೆ ಅಷ್ಟೂ ಹೊಳೆದಿರಲಿಲ್ಲ! ಆ 10,000 ಕೂಡ ವೈದ್ಯರು ಅಳೆದು ಹೇಳಿದ್ದಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರವೊಂದರ ಹೆಸರಿನಿಂದ ಹರಡಿದ್ದು.

ಪಟ್ಟಿ ನಿಲ್ಲಿಸಿದೆ. ಒಂದು ವಾರ ಎಲ್ಲರೂ ಎಂದಿನಂತೆಯೇ ಇದ್ದು ತಮ್ಮ ಮಾಮೂಲಿ ಲೆಕ್ಕ ತೆಗೆದೆವು. ಅದರ ಮೇಲೆ 1,000 ಹೆಜ್ಜೆ, ಅಂದರೆ ಸುಮಾರು ಹತ್ತು ನಿಮಿಷದ ನಡಿಗೆ, ಅವರವರ ಗುರಿ. ಫೋನ್ ಒಯ್ಯಲಾಗದವರು ನಡೆದ ನಿಮಿಷ ಬರೆದರೆ ಸಾಕು.

ಭಾನುವಾರ ಲೆಕ್ಕ ಕೊಡದವರಿಗೆ ಬುಧವಾರ ಗುಂಪಿನಲ್ಲಲ್ಲ, ಅವರಿಗೊಬ್ಬರಿಗೇ ಸಂದೇಶ. "ಯಾಕೆ ನಡೆದಿಲ್ಲ" ಎಂದು ಕೇಳುವುದಿಲ್ಲ, "ನಾಳೆ ಸಂಜೆ ಆರೂವರೆಗೆ ಇಗರ್ಜಿ ಗೇಟಿನ ಹತ್ತಿರ ಇರ್ತೇನೆ, ಬರ್ತೀರಾ?" ಅಷ್ಟೇ. ಎರಡು ಸಲ ಉತ್ತರ ಬಾರದಿದ್ದರೆ ಮೂರನೆಯದು ಕಳಿಸುವುದಿಲ್ಲ.

ಅಕ್ಕ ಗುಂಪಿಗೆ ಮರಳಿಲ್ಲ. ಗುರುವಾರ ಮಾತ್ರ ಗೇಟಿನ ಹತ್ತಿರ ನನಗಿಂತ ಮೊದಲೇ ನಿಂತಿರುತ್ತಾರೆ.