ಸೊನ್ನೆ ಮಾರಾಟದ ದಿನಗಳು

ಅಂಗಡಿಗೆ ಒಂದು ಸಾಮಾನನ್ನು ಯಾವಾಗ ತರಿಸಬೇಕು ಅನ್ನೋದಕ್ಕೆ ಪುಸ್ತಕದಲ್ಲಿರೋ ಲೆಕ್ಕ ಬಲು ಸುಲಭ. ದಿನಕ್ಕೆ ಎಷ್ಟು ಖರ್ಚಾಗುತ್ತೆ, ಆರ್ಡರ್ ಕೊಟ್ಟ ಎಷ್ಟು ದಿನಕ್ಕೆ ಮಾಲು ಬರುತ್ತೆ, ಎರಡನ್ನೂ ಗುಣಿಸಿ, ಹೆಚ್ಚುಕಮ್ಮಿಗೆ ಅಂತ ಒಂದಿಷ್ಟು ಸೇರಿಸಿ. ಸ್ಟಾಕ್ ಅಷ್ಟಕ್ಕೆ ಇಳಿದ ದಿನ ಆರ್ಡರ್ ಕೊಡಬೇಕು. ಇದಕ್ಕೆ ರಿಆರ್ಡರ್ ಪಾಯಿಂಟ್ ಅಂತಾರೆ. ನಾನು ‘ಮಿತಿ’ ಅಂತೀನಿ.

ಒಂದು ಕಾಲಕ್ಕೆ ಗಾಜಿನ ಬಳೆಗೆ ಹೆಸರಾಗಿದ್ದ ನಮ್ಮ ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಚಿಕ್ಕಪ್ಪನದೊಂದು ಅಂಗಡಿ ಇದೆ. ಕಿರಾಣಿ, ಜೊತೆಗೆ ಪಶು ಆಹಾರ. ಬಿಲ್ಲು ಕಂಪ್ಯೂಟರಿನಲ್ಲೇ ಆಗುತ್ತೆ. ಹಾಗಾಗಿ ದಿನಾ ಬೆಳಿಗ್ಗೆ ಏನೇನು ತರಿಸಬೇಕು ಅಂತ ಮ್ಯಾನೇಜರಿಗೆ ಒಂದು ಈಮೇಲ್ ಹೋಗೋ ಹಾಗೆ ಮಾಡೋಣ ಅಂತ ಕೂತೆ. ಕೋಡ್ ಶುರು ಮಾಡೋ ಮುಂಚೆ ಮ್ಯಾನೇಜರ್ ಅಣ್ಣ ಕೇಳಿದ್ದು ಒಂದೇ ಪ್ರಶ್ನೆ: “ಅಲ್ಲಪ್ಪಾ, ಮಾಲೇ ಇಲ್ದಿದ್ದ ದಿನ ವ್ಯಾಪಾರ ಆಗಿಲ್ಲ ಅಂತ ತೋರುಸ್ತದಲ್ಲ, ಅದುನ್ನ ಏನು ಮಾಡ್ತೀಯ?”

ಇಡೀ ವಿಷಯ ಇರೋದೇ ಅಲ್ಲಿ ಗೆಳೆಯರೇ. ಬಿಲ್ಲಿನ ಲೆಕ್ಕ ಹೇಳೋದು ಎಷ್ಟು ಮಾರಿದೆವು ಅಂತ. ಎಷ್ಟು ಜನ ಕೇಳಿದರು ಅಂತ ಅಲ್ಲ!

50 ಕೆಜಿ ಪಶು ಆಹಾರದ ಚೀಲ ತಗೊಳ್ಳಿ. 30 ದಿನಕ್ಕೆ 96 ಚೀಲ ಹೋಗಿದ್ದರೆ ದಿನಕ್ಕೆ 3.2 ಆಯ್ತು. ಆದರೆ ಅದರಲ್ಲಿ 6 ದಿನ ಗೋಡೌನ್ ಖಾಲಿ ಇತ್ತು ಅಂದ್ಕೊಳ್ಳಿ. ಮಾಲಿದ್ದದ್ದು 24 ದಿನ, ಅಂದ್ರೆ ನಿಜವಾದ ಬೇಡಿಕೆ ದಿನಕ್ಕೆ 4. ಮಾಲು ಬರೋಕೆ ಸರಾಸರಿ 4 ದಿನ, ಅದರಲ್ಲಿ ಏರಿಳಿತ 1 ದಿನ. ದಿನದ ಮಾರಾಟದ ಏರಿಳಿತ 1.5 ಚೀಲ. (ಏರಿಳಿತ ಅಂದ್ರೆ ಕಾಲೇಜಲ್ಲಿ ಓದಿದ ಸ್ಟ್ಯಾಂಡರ್ಡ್ ಡೀವಿಯೇಷನ್ :-)) ಸೂತ್ರ ಹೀಗಿದೆ:

```
ROP = d*L + 1.65*sqrt(L*s*s + d*d*t*t)
    = 4*4 + 1.65*sqrt(9 + 16) = 24.25
```

`d` ದಿನದ ಬೇಡಿಕೆ, `L` ಮಾಲು ಬರೋ ದಿನಗಳು, `s` ಮತ್ತು `t` ಅವುಗಳ ಏರಿಳಿತ. 1.65 ಹಾಕಿದರೆ, ಆರ್ಡರ್ ಕೊಟ್ಟು ಕಾಯೋ 100 ಸಲದಲ್ಲಿ ಸುಮಾರು 95 ಸಲ ಸ್ಟಾಕ್ ಖಾಲಿಯಾಗೋದಿಲ್ಲ ಅನ್ನೋ ಅಂದಾಜು. ಮಿತಿ 25 ಚೀಲ ಅಂತ ಇಟ್ಟುಕೊಳ್ಳೋಣ.

ಖಾಲಿ ದಿನಗಳನ್ನೂ ಸೇರಿಸಿ ಮಾಡಿದರೆ ಇದೇ ಮಿತಿ 22 ಆಗುತ್ತೆ. ಮೂರೇ ಚೀಲ ತಾನೇ ಅನ್ನಬೇಡಿ. ಮಿತಿ ಇಳಿದರೆ ಆರ್ಡರ್ ತಡ, ಆರ್ಡರ್ ತಡವಾದರೆ ಖಾಲಿ ದಿನ ಜಾಸ್ತಿ, ಮುಂದಿನ ತಿಂಗಳ ಸರಾಸರಿ ಇನ್ನೂ ಕಮ್ಮಿ. ಹಸು ಅಂತೂ ಕಾಯೋದಿಲ್ಲ. ಚೀಲಕ್ಕೆ ಅಂತ ಹೊಸದುರ್ಗಕ್ಕೆ ಹೋದವರು ಅಲ್ಲೇ ಎಣ್ಣೆ, ಬೇಳೆ ಎಲ್ಲಾ ತಂದುಬಿಡ್ತಾರೆ. ಕಂಪ್ಯೂಟರಿನಲ್ಲಿ ಮಾತ್ರ ‘ಈ ಮಾಲಿಗೆ ಬೇಡಿಕೆ ಇಲ್ಲ’ ಅಂತ ಕಾಣುತ್ತೆ.

ಆದ್ದರಿಂದ ಮಾರಾಟದ ಜೊತೆ ದಿನದ ಕೊನೆಯ ಸ್ಟಾಕನ್ನೂ ಇಟ್ಟುಕೊಳ್ಳಬೇಕು. ರಾತ್ರಿಗೆ ಸೊನ್ನೆ ಆಗಿದ್ದ ದಿನವನ್ನು ಸರಾಸರಿಯಿಂದ ಬಿಡಬೇಕು, ಯಾಕಂದ್ರೆ ಮಧ್ಯಾಹ್ನವೇ ಮುಗಿದಿದ್ದರೆ ಆ ಅಂಕಿಯೂ ಅರ್ಧ ಸತ್ಯ. ಆದರೆ ಅವತ್ತು ಸರಾಸರಿಗಿಂತ ಜಾಸ್ತಿ ಮಾರಿದ್ದರೆ ಬಿಡಬಾರದು. ಬಿಟ್ಟರೆ ಒಳ್ಳೆ ವ್ಯಾಪಾರದ ದಿನಗಳೇ ಲೆಕ್ಕದಿಂದ ಹೋಗಿಬಿಡುತ್ತವೆ.

ಮೇಲಿನ ಲೆಕ್ಕವನ್ನ ಇನ್ನೊಮ್ಮೆ ನೋಡಿ. ಆವರಣದೊಳಗೆ ಗಿರಾಕಿಗಳ ಏರಿಳಿತ 9, ಡೀಲರ್ ಹಿಂದೆಮುಂದೆ ಮಾಡೋದರದ್ದು 16. ಡೀಲರ್ ಹೇಳಿದ ದಿನಕ್ಕೇ ಕಳಿಸಿದರೆ ಮಿತಿ 21ಕ್ಕೆ ಇಳಿಯುತ್ತೆ. ಅದಕ್ಕೇ ಆರ್ಡರ್ ಕೊಟ್ಟ ತಾರೀಖು, ಮಾಲು ಇಳಿದ ತಾರೀಖು ಎರಡನ್ನೂ ಬರೆದಿಡಬೇಕು. “ನಾಳಿದ್ದು ಕಳುಸ್ತೀವಿ” ಅನ್ನೋ ಮಾತನ್ನ ಲೆಕ್ಕಕ್ಕೆ ಹಿಡೀಬಾರದು.

ಇನ್ನು ಈಮೇಲು. ಒಂದು ಸಾಲು ಹೀಗಿರುತ್ತೆ:

```
ಪಶು ಆಹಾರ 50 ಕೆಜಿ | ಇರೋದು 22 | ಬರಬೇಕಾದ್ದು 0 | ಮಿತಿ 25 | ತರಿಸಿ 30
```

30 ಯಾಕಂದ್ರೆ ಡೀಲರ್ ಗಾಡಿಯ ಒಂದು ಟ್ರಿಪ್ಪಿಗೆ ಅಷ್ಟು. ಮರುದಿನ ಸ್ಟಾಕ್ 18 ಆದರೂ ಈ ಸಾಲು ಬರಬಾರದು, ಯಾಕಂದ್ರೆ ಬರಬೇಕಾದ 30 ಸೇರಿದರೆ 48. ಆರ್ಡರ್ ಕೊಟ್ಟದ್ದನ್ನು ಕೂಡದಿದ್ದರೆ ಮಾಲು ಬರೋ ತನಕ ದಿನಾ “ತರಿಸಿ 30” ಅಂತಲೇ ಬರುತ್ತೆ.

ಪಟ್ಟಿಯ ಕೆಳಗೆ ‘ಗೋಡೌನ್ ನೋಡಿ’ ಅಂತ ಇನ್ನೊಂದು ಭಾಗ. ದಿನಾ ಹೋಗೋ ಮಾಲು ಸ್ಟಾಕಿದ್ದೂ ಮೂರು ದಿನ ಹೋಗಿಲ್ಲ ಅಂದ್ರೆ ಆ ಸ್ಟಾಕ್ ಬರೀ ಕಂಪ್ಯೂಟರಿನಲ್ಲಿದೆ ಅನ್ನೋ ಅನುಮಾನ. ಇಲಿ ಕಡಿದ ಚೀಲವನ್ನ ಲೆಕ್ಕದಿಂದ ಯಾರೂ ತೆಗೆದಿರಲ್ಲ.

ಇಷ್ಟೆಲ್ಲಾ ಆದಮೇಲೂ ಅದು ಬರೀ ಸಲಹೆ. ಮಳೆ ಬಿದ್ದು ಹೊಲದ ಬದುವಿನಲ್ಲಿ ಹಸಿ ಹುಲ್ಲು ಎದ್ದರೆ ಚೀಲ ಕೊಳ್ಳೋರು ಕಮ್ಮಿ. 30 ದಿನದ ಸರಾಸರಿಗೆ ಅದು ಗೊತ್ತಾಗೋ ಹೊತ್ತಿಗೆ ವಾರಗಳೇ ಕಳೆದಿರುತ್ತವೆ. ಅಣ್ಣನಿಗೆ ಮೊದಲ ಹದ ಮಳೆಗೇ ಗೊತ್ತಾಗುತ್ತೆ. ಅದಕ್ಕೇ ಕೊನೆಯ ಅಂಕಿ ತಿದ್ದೋದು ಅವನ ಕೈಯಲ್ಲೇ ಇದೆ. ಪಟ್ಟಿ ನೇರ ಡೀಲರಿಗೆ ಹೋಗಲ್ಲ.