ಕತ್ತಲೆಯ ಏಳು ದಿನ: ಕುಳಗಿಯಿಂದ ತಡವಾಗಿ ಒಂದು ಧನ್ಯವಾದ

2019ರ ಆಗಸ್ಟ್ ಮಳೆ ನಮ್ಮ ಜಿಲ್ಲೆಯವರು ಯಾರೂ ಮರೆತಿಲ್ಲ. ಕದ್ರಾ ಅಣೆಕಟ್ಟಿನ ಗೇಟು ತೆಗೆದು, ಕಾಳಿ ದಡದ ಊರುಗಳ ಜನ ಮನೆ ಬಿಟ್ಟು ಹೊರಟ ಸುದ್ದಿಯನ್ನು ಆಗ ನಾವೂ ಕಳಿಸಿದ್ದೆವು. ನಮ್ಮ ಕುಳಗಿಯ ಮನೆಗೆ ನೀರು ನುಗ್ಗಲಿಲ್ಲ. ಆದರೆ ಏಳು ದಿನ ಕರೆಂಟು ಇರಲಿಲ್ಲ. ಆ ಏಳು ದಿನ ನಮ್ಮನ್ನು ಕಾಪಾಡಿದವರಿಗೆ ಅಂದೇ ಹೇಳಬೇಕಿದ್ದ ಮಾತನ್ನು ಈಗ ಹೇಳುತ್ತಿದ್ದೇವೆ.

ಹೊರಗಿನವರು ಕೇಳುತ್ತಾರೆ: ಅಂಬಿಕಾನಗರದ ಹತ್ತಿರ ನಾಗಝರಿ ವಿದ್ಯುದಾಗಾರ ಇದೆಯಲ್ಲ, ನಿಮಗೇನು ಕತ್ತಲೆ? ಅಲ್ಲಿ ತಯಾರಾದ ಕರೆಂಟು ದೊಡ್ಡ ಟವರುಗಳ ಮೇಲೆ ಏರಿ ದೂರದ ಉಪಕೇಂದ್ರಗಳಿಗೆ ಹೋಗುತ್ತದೆ. ಹಂತ ಹಂತವಾಗಿ ಇಳಿದು, ಕೊನೆಗೆ 11 ಕೆ.ವಿ. ತಂತಿಯಾಗಿ ಕಾಡು ದಾಟಿ ನಮ್ಮ ಟಿಸಿಗೆ ಬರುತ್ತದೆ. ದಾರಿಯಲ್ಲಿ ಒಂದು ಮತ್ತಿಮರ ತಂತಿಯ ಮೇಲೆ ಒರಗಿದರೆ ಸಾಕು, ಊರೆಲ್ಲ ಕತ್ತಲೆ.

ಮೂರನೇ ದಿನ ಅವ್ವನಿಗೆ ದಮ್ಮು ಜೋರಾಯಿತು. ನೆಬ್ಯುಲೈಸರ್ ಕರೆಂಟಿಲ್ಲದೆ ನಡೆಯುವುದಿಲ್ಲ. ಗೆಳೆಯರೊಬ್ಬರು ಸಣ್ಣ ಜನರೇಟರ್ ತಂದುಕೊಟ್ಟರು. ಎರಡೂ ತುದಿಗೆ ಪಿನ್ನು ಇರುವ ವೈರು ಮಾಡಿ, ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದರೆ ಮನೆಯೆಲ್ಲ ಬೆಳಕಾಗುತ್ತದೆ ಎಂದುಕೊಂಡೆವು. ವೈರಿನ ತುದಿ ಸುಲಿಯುತ್ತಿದ್ದಾಗ ಪಕ್ಕದ ಮನೆಯ ಕಾಕಾ ಬಂದರು. ಪೇಪರ್ ಮಿಲ್ಲಿನಲ್ಲಿ ಎಲೆಕ್ಟ್ರಿಕ್ ಕೆಲಸ ಮಾಡಿ ನಿವೃತ್ತರಾದವರು.

"ತಮ್ಮಾ, ನಿಂದರು. ಲೈನ್ ಮ್ಯಾಲೆ ಹುಡುಗರು ಅದಾರ. ಅವರನ್ನ ಕೊಲ್ತೀ ಏನು?" ಅಂದರು.

ನಮಗೆ ತಿಳಿಯಲಿಲ್ಲ. ಕಾಕಾ ಕಟ್ಟೆಯ ಮೇಲೆ ಕೂತು ಬಿಡಿಸಿ ಹೇಳಿದರು. ಟಿಸಿ ಎರಡೂ ಕಡೆಗೆ ಕೆಲಸ ಮಾಡುತ್ತದೆ. ಮೇಲಿನಿಂದ ಬಂದ ಸಾವಿರಾರು ವೋಲ್ಟನ್ನು ಮನೆಗೆ ಬೇಕಾದಷ್ಟಕ್ಕೆ ಇಳಿಸುವಂತೆಯೇ, ಮನೆಯ ಕಡೆಯಿಂದ ಹೋದ 230 ವೋಲ್ಟನ್ನು ಸಾವಿರಾರು ವೋಲ್ಟಿಗೆ ಏರಿಸುತ್ತದೆ. ಪ್ಲಗ್ಗಿಗೆ ಜನರೇಟರ್ ಜೋಡಿಸಿ ಮೇನ್ ಆಫ್ ಮಾಡುವುದು ಮರೆತರೆ ಕರೆಂಟು ಸರ್ವಿಸ್ ವೈರಿನಿಂದ ಹಿಂದಕ್ಕೆ ಹೊರಡುತ್ತದೆ. ಬೇರೆ ಮನೆಗಳ ಹೊರೆ ಬಿದ್ದು ಸಣ್ಣ ಜನರೇಟರ್ ಒಮ್ಮೊಮ್ಮೆ ನಿಂತೇ ಹೋಗುತ್ತದೆ. ನಿಲ್ಲದಿದ್ದರೆ, ಸತ್ತ ತಂತಿ ಎಂದುಕೊಂಡು ಕೈಹಾಕಿದವನ ಗತಿ ಮುಗಿಯಿತು.

"ಮೇನ್ ಆಫ್ ಮಾಡೇ ಹಚ್ಚತೀವಿ ಕಾಕಾ" ಅಂದೆವು. "ಇಂದು ನೆನಪಿರ್ತದ, ರಾತ್ರಿ ಅವ್ವಗ ದಮ್ಮು ಬಂದಾಗ ಇರ್ತದ ಏನು?" ಅಂದರು. ಎರಡು ಪಿನ್ನಿನ ವೈರನ್ನು ಅಲ್ಲೇ ಕತ್ತರಿಸಿ ಹಾಕಿದರು. ಅಂಥ ವೈರಿನ ಒಂದು ತುದಿ ಕಳಚಿದರೂ ಅದರ ಬರಿಯ ಪಿನ್ನಿನಲ್ಲಿ ಕರೆಂಟು ಇರುತ್ತದೆ, ಮಕ್ಕಳು ಮುಟ್ಟಿದರೆ ಮುಗಿಯಿತು ಎಂದರು.

ಆಮೇಲೆ ದಾರಿಯನ್ನೂ ತೋರಿಸಿದರು. ಜನರೇಟರ್ ಹೊರಗೆ, ಮಳೆ ತಾಗದ ಜಾಗದಲ್ಲಿ, ಹೊಗೆ ಕಿಟಕಿಯಿಂದ ಒಳಗೆ ಬರದಷ್ಟು ದೂರದಲ್ಲಿ ಇಡಬೇಕು. ಅದರ ಸಾಕೆಟ್ಟಿನಿಂದಲೇ ಎಕ್ಸ್‌ಟೆನ್ಷನ್ ಬೋರ್ಡ್ ಎಳೆದು ನೆಬ್ಯುಲೈಸರನ್ನು ನೇರವಾಗಿ ಅದಕ್ಕೆ ಹಚ್ಚಬೇಕು. ಮನೆಯ ವೈರಿಂಗಿಗೂ ಜನರೇಟರಿಗೂ ಸಂಬಂಧವೇ ಇರಬಾರದು. ಹಾಗೇ ಮಾಡಿದೆವು. ಅವ್ವನಿಗೆ ಉಸಿರು ಸರಾಗವಾಯಿತು. ಓಣಿಯವರ ಮೊಬೈಲುಗಳೂ ಅದೇ ಬೋರ್ಡಿನಲ್ಲಿ ಸರದಿಯಂತೆ ಚಾರ್ಜಾದವು.

ಮರುದಿನ ಲೈನ್‌ಮನ್‌ಗಳ ಹಿಂದೆ ಕಾಡಿಗೆ ಹೋದೆವು. ಮೊದಲು ಉಪಕೇಂದ್ರಕ್ಕೆ ಫೋನು ಮಾಡಿ ಲೈನ್ ಬಂದ್ ಆಗಿದೆ ಎಂದು ಖಚಿತಪಡಿಸಿಕೊಂಡರು. ಆಮೇಲೆ ಕೆಲಸದ ಜಾಗದಲ್ಲಿ ಮೂರೂ ತಂತಿಗಳನ್ನು ಸರಪಳಿಯಿಂದ ಜೋಡಿಸಿ ನೆಲಕ್ಕೆ ಅರ್ಥ್ ಮಾಡಿದರು. ಯಾವುದೋ ಮನೆಯಿಂದ ಕರೆಂಟು ಹಿಂದೆ ಬಂದರೂ ಆ ಸರಪಳಿ ಅವರನ್ನು ಕಾಯುತ್ತದೆ. ಅಷ್ಟಾದ ಮೇಲೇ ಒಬ್ಬರು ಕಂಬ ಹತ್ತಿದರು. ನಿನ್ನೆಯ ವೈರು ನೆನಪಾಗಿ ನಮ್ಮ ಕೈ ನಡುಗಿತು.

ಬಿದ್ದ ಮರ ಕಡಿದದ್ದು ಊರ ಹುಡುಗರು. ಜೀಪು ಹೋಗದ ಕೆಸರಿನಲ್ಲಿ ಕಂಬಕ್ಕೆ ಹಗ್ಗ ಕಟ್ಟಿ ಹೆಗಲು ಕೊಟ್ಟವರೂ ಅವರೇ. ಮರ ತೆಗೆದರೂ ಲೈನ್ ನಿಲ್ಲಲಿಲ್ಲ. ಚಾರ್ಜ್ ಮಾಡಿದ ಕೂಡಲೇ ಟ್ರಿಪ್ ಆಗುತ್ತಿತ್ತು. ಲೈನನ್ನು ತುಂಡು ತುಂಡಾಗಿ ಬೇರ್ಪಡಿಸಿ, ಯಾವ ತುಂಡಿನಲ್ಲಿ ದೋಷವೆಂದು ಹುಡುಕಿದರು. ಕೊನೆಗೆ ಸಿಕ್ಕಿದ್ದು ಕೂದಲೆಳೆಯಷ್ಟು ಬಿರುಕು ಬಿಟ್ಟ ಒಂದು ಪಿಂಗಾಣಿ ಇನ್ಸುಲೇಟರ್. ನೆಲದಿಂದ ನೋಡಿದರೆ ಕಾಣದು. ಮಳೆನೀರು ಬಿರುಕಿಗೆ ಇಳಿದಾಗ ಮಾತ್ರ ಕರೆಂಟು ಕಂಬಕ್ಕೆ ಹರಿಯುತ್ತಿತ್ತು. ಏಳನೇ ದಿನ ಸಂಜೆ ದೀಪ ಹತ್ತಿತು.

ಒದ್ದೆ ಬಟ್ಟೆಯಲ್ಲೇ ಕಂಬ ಹತ್ತಿದ ಲೈನ್‌ಮನ್ ಅಣ್ಣಂದಿರಿಗೆ, ಕಂಬ ಹೊತ್ತ ಹುಡುಗರಿಗೆ, ಅವರಿಗೆಲ್ಲ ದಿನಾ ರೊಟ್ಟಿ, ಚಹಾ ಕಳಿಸಿದ ಓಣಿಯ ಅಕ್ಕಂದಿರಿಗೆ, ಜನರೇಟರ್ ಕೊಟ್ಟ ಗೆಳೆಯನಿಗೆ ನಮ್ಮ ನಮಸ್ಕಾರ. ಕಾಕಾ, ನಿಮಗೆ ಒಂದು ಹೆಚ್ಚು. ನಮ್ಮ ಅವ್ವನ ಉಸಿರು ಉಳಿಸುವ ಆತುರದಲ್ಲಿ ಇನ್ನೊಬ್ಬ ಅವ್ವನ ಮಗನನ್ನು ಕಳೆಯಲು ಹೊರಟಿದ್ದೆವು. ನೀವು ಕತ್ತರಿಸಿದ ಆ ವೈರಿನ ತುಂಡು ಇಂದಿಗೂ ನಮ್ಮ ಮೀಟರ್ ಬೋರ್ಡಿನ ಮೊಳೆಗೆ ತೂಗುತ್ತಿದೆ.