‘ಏಳು’ ಅಂದರೆ ‘ಎಂಟು’

ಅಮ್ಮ ಬೆಳಿಗ್ಗೆ ‘ಏಳೋ ಮಗಾ, ಏಳು’ ಅಂತಾಳೆ. ಕಂಬಳಿಯೊಳಗಿನಿಂದ ಮಗರಾಯ ‘ಎಂಟು’ ಅಂತಾನೆ. ನಮ್ಮ ಸಖರಾಯಪಟ್ಟಣದಲ್ಲಿ ಯಾರ ಮನೆಯಲ್ಲಿ ಹೇಳಿದರೂ ನಗು ಬರುವ ಮಾತು. ಅಯ್ಯನಕೆರೆ ನೋಡಲು ಬಂದು ನನಗೆ ಗೆಳೆಯನಾದ ಜರ್ಮನಿಯವನೊಬ್ಬನಿದ್ದಾನೆ. ಅವನಿಗೂ ಇದನ್ನು ಮೊಬೈಲಿನಲ್ಲಿ ಇಂಗ್ಲಿಷ್ ಮಾಡಿ ಕಳಿಸಿದೆ. ‘ಹುಡುಗ ಯಾಕೆ ಎಣಿಸುತ್ತಿದ್ದಾನೆ?’ ಎಂದು ಉತ್ತರ ಬಂತು!

ಅವನದೇನೂ ತಪ್ಪಿಲ್ಲ. ಕನ್ನಡದಲ್ಲಿ ಸಂಖ್ಯೆಯೂ ‘ಏಳು’, ಹಾಸಿಗೆ ಬಿಡು ಅನ್ನುವುದಕ್ಕೂ ‘ಏಳು’. ಇಂಗ್ಲಿಷಿನಲ್ಲಿ ಅವು ಬೇರೆ ಬೇರೆ ಪದ. ಒಂದನ್ನು ಆರಿಸಿಕೊಂಡರೆ ಇನ್ನೊಂದು ಬಿದ್ದುಹೋಗುತ್ತದೆ, ಅದರ ಜೊತೆ ನಗುವೂ. ವಿವರಿಸಿ ಬರೆದೆ. ಅವನು ಸ್ವಲ್ಪ ಯೋಚಿಸಿ ತನ್ನದೊಂದು ಕಳಿಸಿದ. ಅವರ ಭಾಷೆಯಲ್ಲಿ ‘ಅಖ್ಟ್’ ಅಂದರೆ ಎಂಟು. ‘ಗಿಬ್ ಅಖ್ಟ್’ ಅಂದರೆ ಹುಷಾರಾಗಿರು. ಅಮ್ಮ ‘ಗಿಬ್ ಅಖ್ಟ್’ ಅಂದರೆ ತುಂಟ ಮಗ ‘ನೊಯ್ನ್’ ಅನ್ನಬಹುದಂತೆ, ಅಂದರೆ ಒಂಬತ್ತು! ನೋಡಿ ಮಕ್ಕಳೇ, ಅಲ್ಲೂ ಅದೇ ತರಲೆ, ಅಂಕಿ ಮಾತ್ರ ಒಂದು ಮುಂದೆ.

ಪದದ ಆಟವಿಲ್ಲದ ಜೋಕು ಸಲೀಸಾಗಿ ಗಡಿ ದಾಟುತ್ತದೆ. ಒಬ್ಬ ಜಿಪುಣ ಬ್ಯಾಂಕಿಗೆ ಬಂದು ತನ್ನ ದುಡ್ಡನ್ನೆಲ್ಲ ತೆಗೆಸಿ, ಎರಡು ಸಲ ಎಣಿಸಿ, ‘ಸರಿ, ಎಲ್ಲಾ ಇದೆ, ವಾಪಸ್ ಇಟ್ಕೊಳ್ಳಿ’ ಅಂದನಂತೆ. ನಾನು ಕೂತ ಕೌಂಟರಿನಲ್ಲೂ ಓಡಾಡಿದ ಹಳೇ ಕಥೆ ಇದು. ಗೆಳೆಯ ತಕ್ಷಣ ನಕ್ಕ. ಅವರಲ್ಲಿ ಜಿಪುಣತನದ ಜೋಕುಗಳೆಲ್ಲ ಶ್ವಾಬಿಯಾ ಸೀಮೆಯವರ ತಲೆಗೆ ಕಟ್ಟುತ್ತಾರಂತೆ.

ನಿಜವಾದ ಕಷ್ಟ ಕಿಚಾಯಿಸುವುದರಲ್ಲಿ. ಒಮ್ಮೆ ಎರಡು ವಾರ ಅವನ ಸುದ್ದಿಯಿರಲಿಲ್ಲ. ನಮ್ಮಲ್ಲಿ ಹೀಗಾದರೆ ‘ದೊಡ್ಡ ಮನುಷ್ಯ ಆಗ್ಬಿಟ್ಟೆಯಲ್ಲಪ್ಪಾ’ ಅನ್ನುತ್ತೇವೆ. ಇಂಗ್ಲಿಷಿನಲ್ಲಿ ಅದು ‘ಯು ಹ್ಯಾವ್ ಬಿಕಮ್ ಎ ಬಿಗ್ ಮ್ಯಾನ್’ ಆಯಿತು. ‘ಇಲ್ಲ, ನಾಲ್ಕು ಕಿಲೋ ಇಳಿಸಿದ್ದೇನೆ’ ಎಂದು ಗಂಭೀರವಾಗಿ ಬರೆದವನು ಮತ್ತೆ ಮೂರು ವಾರ ಮಾತಿಲ್ಲ. ನನ್ನ ಹೆಂಡತಿಗೂ ಚಿಂತೆಯಾಯಿತು.

ಕನ್ನಡದ ಕೀಟಲೆಯ ಜೀವ ವಾಕ್ಯದ ಬಾಲದಲ್ಲಿದೆ. ‘ಆಗಿದ್ದೀಯ’ ಅಂದರೆ ಬರೀ ವರದಿ. ‘ಆಗ್ಬಿಟ್ಟೆ’ ಅಂದಾಗ ಸ್ವಲ್ಪ ಚುಚ್ಚು ಬರುತ್ತದೆ. ‘ಅಲ್ಲಪ್ಪಾ’ ಸೇರಿದಾಗ ‘ಕೋಪವಿಲ್ಲ ಮಾರಾಯ, ನೆನಪಾಯ್ತು’ ಅನ್ನುವ ಸಲಿಗೆ. ಇಂಗ್ಲಿಷಿಗೆ ಹೋಗುವಾಗ ಈ ಬಾಲ ಕತ್ತರಿಸಿಹೋಗುತ್ತದೆ. ಮೇಲಾಗಿ ಇಂಗ್ಲಿಷ್ ಅವನಿಗೂ ತಾಯಿಭಾಷೆಯಲ್ಲ. ಬರಹದಲ್ಲಿ ನನ್ನ ಮುಖವೂ ಕಾಣದು, ದನಿಯೂ ಕೇಳದು. ಇಂಥ ಕಡೆ ಹಳದಿ ನಗುಮುಖ ಒತ್ತಿದರೆ ಸಾಲದು, ವ್ಯಂಗ್ಯದ ನಗೆಯೂ ಅದೇ ಮುಖ ಹಾಕಿಕೊಂಡಿರುತ್ತದೆ!

ಕೊನೆಗೆ ಮೊಮ್ಮಗಳು ವಿಡಿಯೋ ಕರೆ ಹಚ್ಚಿಕೊಟ್ಟಳು. ಅದೇ ಮಾತನ್ನು ಅಚ್ಚಕನ್ನಡದಲ್ಲಿ, ರಾಗ ಎಳೆದು ಹೇಳಿದೆ. ಅರ್ಥ ತಿಳಿಯುವ ಮೊದಲೇ ಅವನು ನಕ್ಕುಬಿಟ್ಟ. ‘ಅಲ್ಲಪ್ಪಾ’ ಅವನಿಗೆ ಬಹಳ ಹಿಡಿಸಿದೆ. ಈಗ ಎಲ್ಲದಕ್ಕೂ ಅಂಟಿಸುತ್ತಾನೆ. ಮೊನ್ನೆ ಬಂದ ಸಂದೇಶ: ‘ಇಲ್ಲಿ ಹಿಮ ಬೀಳುತ್ತಿದೆ, ಅಲ್ಲಪ್ಪಾ.’